ಒಂದೇ ಕಣ್ಣಿಗೆ ಎರಡು ಡ್ರಾಪ್ಸ್: ಮೊದಲು ಯಾವುದು, ಎಷ್ಟು ಹೊತ್ತು ಬಿಟ್ಟು, ಹೇಗೆ

ಶಿವಮೊಗ್ಗದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಪೊರೆ ಆಪರೇಷನ್ ಆದವರಿಗೆ ಡ್ರಾಪ್ಸ್ ಹಾಕುವುದನ್ನು ತೋರಿಸಿಕೊಡುವುದು ನನ್ನ ಕೆಲಸ. ಎಂಟನೇ ದಿನ ತೋರಿಸಲು ಬಂದವರಿಗೆ ಬಾಯಲ್ಲಿ ಏನೂ ಕೇಳುವುದಿಲ್ಲ. "ಮನೇಲಿ ಹ್ಯಾಗೆ ಹಾಕ್ತೀರೋ ಹಾಗೇ ಒಂದ್ಸಲ ಹಾಕಿ ತೋರಿಸಿ" ಅಂತೇನೆ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಬ್ಬ ಅಜ್ಜಿಯನ್ನು ಸೊಸೆ ಕರೆದುಕೊಂಡು ಬಂದಿದ್ದರು. "ಒಂದು ದಿನಾನೂ ತಪ್ಪಿಸಿಲ್ಲ ಮೇಡಂ" ಎನ್ನುತ್ತಲೇ ಚೀಲದಿಂದ ಎರಡು ಬಾಟಲಿ ತೆಗೆದರು. ಒಂದರಿಂದ ಎರಡು ಹನಿ ಹಾಕಿದರು, ಅದರ ಹಿಂದೆಯೇ ಇನ್ನೊಂದರಿಂದ ಎರಡು. ಅಜ್ಜಿ ಕಣ್ಣನ್ನು ಗಟ್ಟಿಯಾಗಿ ಹಿಂಡಿ ಮುಚ್ಚಿಕೊಂಡು, ಕೆನ್ನೆಗೆ ಇಳಿದದ್ದನ್ನೆಲ್ಲ ಸೆರಗಿನಿಂದ ಒರೆಸಿಕೊಂಡರು. ಎಲ್ಲ ಸೇರಿ ಇಪ್ಪತ್ತು ಸೆಕೆಂಡು ಆಗಿರಬಹುದು. ಕಣ್ಣು ಇನ್ನೂ ಕೆಂಪಗಿತ್ತು.

ಆ ಸೊಸೆ ನಿಜಕ್ಕೂ ಒಂದು ದಿನವೂ ತಪ್ಪಿಸಿರಲಿಲ್ಲ. ಔಷಧಿ ಮಾತ್ರ ಕಣ್ಣಿನಲ್ಲಿ ಉಳಿದಿರಲಿಲ್ಲ. ಒಂದೇ ಡ್ರಾಪ್ಸ್ ಇದ್ದಾಗ ಅಷ್ಟೋ ಇಷ್ಟೋ ನಡೆದುಹೋಗುವ ತಪ್ಪುಗಳು ಎರಡು ಬಂದಾಗ ನಡೆಯುವುದಿಲ್ಲ. ಆಪರೇಷನ್ ಆದ ಮನೆಗಳಲ್ಲಿ ನಾನು ಸಾಮಾನ್ಯವಾಗಿ ನೋಡುವ ಜೋಡಿಯನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ: ನೀರಿನಂತೆ ತಿಳಿಯಾದ ಆಂಟಿಬಯಾಟಿಕ್ (ಹೆಚ್ಚಾಗಿ ಮಾಕ್ಸಿಫ್ಲಾಕ್ಸಸಿನ್), ಮತ್ತು ಹಾಲಿನಂತೆ ಬೆಳ್ಳಗಿರುವ ಸ್ಟೀರಾಯ್ಡ್ (ಹೆಚ್ಚಾಗಿ ಪ್ರೆಡ್ನಿಸೊಲೋನ್ ಅಸಿಟೇಟ್). ಯಾವ ಔಷಧಿ, ದಿನಕ್ಕೆ ಎಷ್ಟು ಸಲ, ಎಷ್ಟು ವಾರ ಎನ್ನುವುದಕ್ಕೆ ನಿಮ್ಮ ವೈದ್ಯರ ಚೀಟಿಯೇ ಕೊನೆಯ ಮಾತು. ಹಾಕುವ ಕ್ರಮ ಮಾತ್ರ ಇಲ್ಲಿದೆ.

## ಐದು ನಿಮಿಷದ ಲೆಕ್ಕ

ಇದೊಂದು ಅರ್ಥವಾದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಕಣ್ಣಿನ ಮೇಲೆ ಯಾವಾಗಲೂ ತೆಳ್ಳಗೆ ಕಣ್ಣೀರು ಇರುತ್ತದೆ, ಸುಮಾರು 7 ಮೈಕ್ರೋಲೀಟರ್. ಕೆಳರೆಪ್ಪೆಯ ಒಳಗಿನ ಜಾಗವೂ ಸೇರಿ ಕಣ್ಣು ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 30 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಒಂದೇ ಹನಿ 30ರಿಂದ 50 ಇರುತ್ತದೆ. ಅಂದರೆ ಒಂದು ಹನಿಗೇ ಪಾತ್ರೆ ತುಂಬಿ ತುಳುಕಿತು. ಎರಡನೇ ಹನಿ ಹಾಕಿದರೆ ಅದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಮೊದಲನೆಯದನ್ನು ಹೊರಗೆ ತಳ್ಳಿ ತಾನು ಕೂರುತ್ತದೆ.

ಮೊದಲ ಔಷಧಿ ಹಾಕಿದ ಅರ್ಧ ನಿಮಿಷಕ್ಕೇ ಇನ್ನೊಂದನ್ನು ಹಾಕಿದರೆ ಮೊದಲನೆಯದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತೊಳೆದು ಹೋಗುತ್ತದೆ. ಐದು ನಿಮಿಷ ಬಿಟ್ಟರೆ ಈ ನಷ್ಟ ಲೆಕ್ಕಕ್ಕಿಲ್ಲ, ಯಾಕೆಂದರೆ ಅಷ್ಟರಲ್ಲಿ ಹೀರಬೇಕಾದದ್ದನ್ನು ಕಣ್ಣು ಹೀರಿರುತ್ತದೆ. ಹತ್ತು ನಿಮಿಷ ಬಿಟ್ಟರೂ ತಪ್ಪಿಲ್ಲ. ಐದಕ್ಕಿಂತ ಕಡಿಮೆ ಮಾತ್ರ ಬೇಡ.

## ಹಂತ 1: ಬಾಟಲಿಗಳನ್ನು ಕೈಗೇ ಗೊತ್ತಾಗುವ ಹಾಗೆ ಬೇರೆ ಮಾಡಿ

ಎರಡೂ 5 ಮಿ.ಲೀ. ಬಾಟಲಿ, ಎರಡೂ ಬಿಳಿ, ಎರಡರ ಮೇಲೂ ಸಾಸಿವೆ ಕಾಳಿನಂಥ ಅಕ್ಷರ. ಕರೆಂಟು ಹೋದ ಸಂಜೆಯಲ್ಲಿ, ಅದೂ ಕನ್ನಡಕವಿಲ್ಲದ ಅಜ್ಜಿಗೆ, ಯಾವುದು ಯಾವುದೆಂದು ಹೇಗೆ ಗೊತ್ತಾಗಬೇಕು? ಮುಚ್ಚಳದ ಬಣ್ಣ ನಂಬಿ ಕೂರಬೇಡಿ. ಕಂಪನಿ ಬದಲಾದರೆ ಬಣ್ಣವೂ ಬದಲಾಗಬಹುದು. ಎರಡೂ ಮುಚ್ಚಳ ತೆಗೆದು ಪಕ್ಕಪಕ್ಕ ಇಟ್ಟಾಗ ಅದಲು ಬದಲಾಗುವುದೂ ಉಂಟು.

ಹಾಲಿನ ಬಣ್ಣದ ಸ್ಟೀರಾಯ್ಡ್ ಬಾಟಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ. ರಬ್ಬರ್ ಕೈಗೆ ಸಿಕ್ಕಿತೆಂದರೆ "ಇದನ್ನು ಕುಲುಕಬೇಕು, ಇದು ಎರಡನೆಯದು" ಎಂದು ಅರ್ಥ. ತಿಳಿಯಾದದ್ದಕ್ಕೆ ಏನೂ ಸುತ್ತಬೇಡಿ. ಎರಡರ ಮೇಲೂ ತೆರೆದ ತಾರೀಖು ಬರೆದುಬಿಡಿ. ತೆರೆದು ನಾಲ್ಕು ವಾರ ಆದ ಮೇಲೆ, ಒಳಗೆ ಔಷಧಿ ಉಳಿದಿದ್ದರೂ, ಎಸೆಯಬೇಕು.

ಇನ್ನೊಂದು ಮಾತು. ಕಿವಿಗೆ ಹಾಕುವ ಡ್ರಾಪ್ಸ್, ದಿಢೀರ್ ಅಂಟುವ ಗಮ್ಮಿನ ಪುಟ್ಟ ಬಾಟಲಿ, ಇವು ಕಣ್ಣಿನ ಔಷಧಿಯ ಜೊತೆ ಒಂದೇ ಗೂಡಿನಲ್ಲಿ ಇರಲೇಬಾರದು. ಟಿವಿ ಪಕ್ಕದ ಗೂಡಿನಲ್ಲಿ ಇವೆಲ್ಲ ಒಟ್ಟಿಗೆ ಬಿದ್ದುಕೊಂಡಿರುತ್ತವೆ, ಅಲ್ವಾ? ಇವತ್ತೇ ಬೇರೆ ಮಾಡಿ. ಕಣ್ಣಿನದಕ್ಕೆಂದೇ ಒಂದು ಸ್ಟೀಲ್ ಡಬ್ಬಿ ಇಟ್ಟು, ಅದರಲ್ಲಿ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ. ಬಚ್ಚಲು ಒಲೆಯ ಹತ್ತಿರದ ಗೋಡೆಗೂಡು ಬೇಡ, ಬಿಸಿಲು ಬೀಳುವ ಕಿಟಕಿಯೂ ಬೇಡ.

## ಹಂತ 2: ಹೊಸ ಬಾಟಲಿ ತೆರೆಯುವುದು

ಈ ಹಂತದಲ್ಲಿ ಕೆಡುವ ಬಾಟಲಿಗಳಿಗೆ ಲೆಕ್ಕವಿಲ್ಲ. ಕೆಲವು ಬಾಟಲಿಗಳ ಮೂತಿ ಪೂರ್ತಿ ಮುಚ್ಚಿರುತ್ತದೆ, ತೂತೇ ಇರುವುದಿಲ್ಲ. ಮುಚ್ಚಳ ತೆಗೆದು ಎಷ್ಟು ಹಿಂಡಿದರೂ ಹನಿ ಬರುವುದಿಲ್ಲ. ಆಗ ಮನೆಯವರು ಸೇಫ್ಟಿ ಪಿನ್ನು ಕಾಯಿಸಿ ಚುಚ್ಚುತ್ತಾರೆ, ಇಲ್ಲವೇ ಬ್ಲೇಡಿನಲ್ಲಿ ಮೂತಿಯನ್ನೇ ಕೊಯ್ಯುತ್ತಾರೆ. ತೂತು ದೊಡ್ಡದಾಗಿ ಹನಿಯ ಬದಲು ಧಾರೆ ಬೀಳುತ್ತದೆ. ಪಿನ್ನಿನ ಕೊಳೆ ಬಾಟಲಿಯೊಳಗೆ ಸೇರುತ್ತದೆ.

ಅಂಥ ಬಾಟಲಿಯ ಮುಚ್ಚಳದ ಒಳಗೆ ನೋಡಿ, ಒಂದು ಪುಟ್ಟ ಮುಳ್ಳು ಇರುತ್ತದೆ. ಅದು ಇರುವುದೇ ತೂತು ಮಾಡಲಿಕ್ಕೆ.

1. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಉಂಗುರ ಇದ್ದರೆ ಅದನ್ನು ಪೂರ್ತಿ ಕಿತ್ತು ತೆಗೆಯಿರಿ. ಸಡಿಲವಾಗಿ ಉಳಿದರೆ ಬಾಟಲಿ ಬಗ್ಗಿಸಿದಾಗ ಕಣ್ಣಿನ ಮೇಲೇ ಬೀಳಬಹುದು.
2. ಮುಚ್ಚಳವನ್ನು ತೆಗೆಯುವ ಬದಲು ಬಿಗಿ ಮಾಡುವ ದಿಕ್ಕಿಗೆ, ಇನ್ನು ತಿರುಗದು ಎನ್ನುವ ತನಕ ತಿರುಗಿಸಿ. ಮುಳ್ಳು ಮೂತಿಯನ್ನು ಚುಚ್ಚುತ್ತದೆ.
3. ಈಗ ಬಿಚ್ಚಿ. ಹನಿ ಒಂದೊಂದಾಗಿ ಬರುತ್ತದೆ.

ಮೂತಿಯಲ್ಲಿ ಮೊದಲೇ ತೂತಿರುವ ಬಾಟಲಿಗಳೂ ಇವೆ, ಅವಕ್ಕೆ ಇದು ಬೇಡ. ಅನುಮಾನವಾದರೆ ಔಷಧಿ ಅಂಗಡಿಯಲ್ಲೇ ತೆರೆಸಿಕೊಂಡು ಬನ್ನಿ. ಯಾರೂ ಬೇಡ ಅನ್ನುವುದಿಲ್ಲ.

## ಹಂತ 3: ದಿನದ ವೇಳೆ ಹಾಕಿಕೊಳ್ಳಿ

ಆ ಅಜ್ಜಿಯ ಚೀಟಿಯನ್ನೇ ನೋಡೋಣ. ಮೊದಲ ವಾರ ಸ್ಟೀರಾಯ್ಡ್ ದಿನಕ್ಕೆ ಆರು ಸಲ, ಆಂಟಿಬಯಾಟಿಕ್ ನಾಲ್ಕು ಸಲ. ಸೊಸೆ ಇದನ್ನು ಹೇಗೆ ಅರ್ಥಮಾಡಿಕೊಂಡಿದ್ದರೆಂದರೆ, ಆರೂ ಸಲ ಎರಡನ್ನೂ ಹಾಕುತ್ತಿದ್ದರು. "ಒಂದಕ್ಕೆ ಕಡಿಮೆ ಯಾಕೆ ಮಾಡೋದು ಅಂತ." ಒಳ್ಳೆಯ ಮನಸ್ಸೇ. ಆದರೆ ಐದನೇ ಮತ್ತು ಆರನೇ ಸಲದ ಆಂಟಿಬಯಾಟಿಕ್ ಚೀಟಿಯಲ್ಲಿ ಇಲ್ಲದ್ದು.

ಇಬ್ಬರೂ ಕೂತು ಅವರ ಮನೆಯ ಕೆಲಸಕ್ಕೆ ಹೊಂದುವ ಹಾಗೆ ವೇಳೆ ಬರೆದೆವು. ಬೆಳಿಗ್ಗೆ 6ಕ್ಕೆ ಹಾಲು ಕರೆಯುವ ಮೊದಲು, 9ಕ್ಕೆ ತಿಂಡಿ ಆದ ಮೇಲೆ, 12ಕ್ಕೆ, 3ಕ್ಕೆ ಚಹಾ ಹೊತ್ತಿಗೆ, ಸಂಜೆ 6ಕ್ಕೆ, ರಾತ್ರಿ 9ಕ್ಕೆ ಮಲಗುವ ಮೊದಲು. ಈ ಆರೂ ಹೊತ್ತು ಸ್ಟೀರಾಯ್ಡ್. ಆಂಟಿಬಯಾಟಿಕ್ ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 9. ಸಂಜೆಯ ಎರಡು ಹತ್ತಿರ ಹತ್ತಿರ ಬಂದವು, ನಿಜ. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಏನೂ ಬೀಳುವುದಿಲ್ಲವಲ್ಲ, ಮಲಗುವ ಮೊದಲು ಒಂದು ಇರಲಿ ಎಂದು ಹಾಗೆ ಇಟ್ಟೆವು.

ಅಂದರೆ ದಿನಕ್ಕೆ ನಾಲ್ಕು ಹೊತ್ತು ಮಾತ್ರ ಐದು ನಿಮಿಷ ಕಾಯುವ ಕೆಲಸ. 9ಕ್ಕೂ 3ಕ್ಕೂ ಒಂದೇ ಬಾಟಲಿ. ಎರಡನ್ನೂ ಬೇರೆ ಬೇರೆ ಗಂಟೆಗೆ ಇಟ್ಟರೆ ಕಾಯುವುದೇ ಬೇಡವಲ್ಲ ಎಂದು ಕೆಲವರು ಕೇಳುತ್ತಾರೆ. ಆಗಬಹುದು. ಆದರೆ ದಿನಕ್ಕೆ ಹತ್ತು ಸಲ ಕೈ ತೊಳೆದು, ಅಜ್ಜಿಯನ್ನು ಕೂರಿಸಿ, ಬಾಟಲಿ ಹುಡುಕಬೇಕು. ಮೂರನೇ ದಿನಕ್ಕೆ ಯಾವುದೋ ಒಂದು ಬಿಟ್ಟುಹೋಗುತ್ತದೆ. ಜೊತೆಗೆ ಹಾಕಿ, ನಡುವೆ ಕಾಯಿರಿ ಎನ್ನುವುದು ನನ್ನ ಅನುಭವದ ಮಾತು.

ಕ್ಯಾಲೆಂಡರಿನ ಹಿಂದೆ ಆರು ಮನೆ ಗೆರೆ ಎಳೆದು ಹಾಕಿದಾಗೆಲ್ಲ ಟಿಕ್ ಮಾಡಿ. "ಹಾಕಿದೆನಾ ಇಲ್ವಾ" ಎಂಬ ಅನುಮಾನಕ್ಕೆ ಅದೊಂದೇ ಮದ್ದು. ಒಂದು ಹೊತ್ತು ಮರೆತರೆ ನೆನಪಾದಾಗ ಒಂದು ಹನಿ ಹಾಕಿ. ಮುಂದಿನ ಹೊತ್ತು ಹತ್ತಿರವಿದ್ದರೆ ಅದನ್ನೇ ಹಾಕಿ. ಎರಡು ಹೊತ್ತಿನದನ್ನು ಸೇರಿಸಿ ಹಾಕಿದರೆ ಕೆನ್ನೆಗಷ್ಟೇ ಲಾಭ.

ಸ್ಟೀರಾಯ್ಡನ್ನು ಸಾಮಾನ್ಯವಾಗಿ ವಾರ ವಾರಕ್ಕೆ ಒಂದೊಂದು ಸಲ ಇಳಿಸುತ್ತಾ ಬರಲು ಬರೆದಿರುತ್ತಾರೆ. ಕಣ್ಣು ಬೆಳ್ಳಗಾಯಿತು ಎಂದು ಮಧ್ಯದಲ್ಲಿ ನೀವೇ ನಿಲ್ಲಿಸಿದರೆ ಒಳಗಿನ ಉರಿಯೂತ ಮತ್ತೆ ತಿರುಗಿ ಬರಬಹುದು.

## ಹಂತ 4: ಕೈ ತೊಳೆಯುವುದು, ನಮ್ಮ ಕಡೆಯ ರೀತಿಯಲ್ಲಿ

ಕೈ ತೊಳೆಯಿರಿ ಎಂದು ಎಲ್ಲರೂ ಹೇಳುತ್ತಾರೆ, ನಾನು ಯಾಕೆ ಹೇಳುತ್ತೇನೆಂದು ಕೇಳಿ. ಎಲೆ ಅಡಿಕೆ ಹಾಕುವ ಕೈಯಲ್ಲಿ ಸುಣ್ಣ ಇರುತ್ತದೆ. ಉಗುರಿನ ಸಂದಿಯಲ್ಲಿ ಉಳಿದ ಚೂರು ಸುಣ್ಣ ರೆಪ್ಪೆ ಎಳೆಯುವಾಗ ಕಣ್ಣಿಗೆ ಇಳಿದರೆ ಅದು ಕರಿಗುಡ್ಡೆಯನ್ನು ಸುಡುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಹತ್ತಿದ ಕೈ, ಒಗ್ಗರಣೆಗೆ ಮೆಣಸಿನಕಾಯಿ ಮುರಿದ ಕೈ, ಕೊಟ್ಟಿಗೆಯಿಂದ ಬಂದ ಕೈ, ಎಲ್ಲವೂ ಅಷ್ಟೇ. ಸೋಪು ಹಾಕಿ, ಉಗುರಿನ ಒಳಗೂ ಉಜ್ಜಿ ತೊಳೆದು, ಒಗೆದು ಒಣಗಿಸಿದ ಬಟ್ಟೆಯಲ್ಲಿ ಒರೆಸಿ. ಒದ್ದೆ ಕೈಗೆ ರೆಪ್ಪೆ ಜಾರುತ್ತದೆ, ನಿಲ್ಲುವುದಿಲ್ಲ.

ಹತ್ತಿರ ಇರಬೇಕಾದದ್ದು ಎರಡು ಬಾಟಲಿ, ನಾಲ್ಕೈದು ತುಂಡು ಟಿಶ್ಯೂ ಅಥವಾ ಶುದ್ಧ ಹತ್ತಿ, ಗಡಿಯಾರ ಅಥವಾ ಮೊಬೈಲ್. ಬೆಳಿಗ್ಗೆ ರೆಪ್ಪೆಗೆ ಪಿಸುರು ಅಂಟಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ರೆಪ್ಪೆಯ ಅಂಚನ್ನು ಒಂದು ಸಲ ಮೆಲ್ಲಗೆ ಒರೆಸಿ. ಆ ಹತ್ತಿಯನ್ನು ಮತ್ತೆ ಬಳಸಬೇಡಿ. ಸೆರಗು, ಟವೆಲು, ಮೊಮ್ಮಗನ ಕರ್ಚೀಫು ಇವು ಯಾವುವೂ ಆಪರೇಷನ್ ಆದ ಕಣ್ಣಿನ ಹತ್ತಿರ ಬರಬಾರದು. ನಂದಿಬಟ್ಟಲು ಹೂವಿನ ರಸ, ಎದೆಹಾಲು ಕೂಡ ಈಗ ಬೇಡ. ಗಾಯ ಇನ್ನೂ ಹಸಿ, ಅವುಗಳಲ್ಲಿ ಇರಬಹುದಾದ ಕ್ರಿಮಿಗೆ ದಾರಿ ತೆರೆದೇ ಇರುತ್ತದೆ.

## ಹಂತ 5: ಮೊದಲ ಹನಿ, ತಿಳಿಯಾದದ್ದು

ತೆಳುವಾದದ್ದು ಮೊದಲು, ಮಂದವಾದದ್ದು ನಂತರ. ಹಾಲಿನಂಥ ಸ್ಟೀರಾಯ್ಡಿನಲ್ಲಿ ಔಷಧಿ ಕರಗಿರುವುದಿಲ್ಲ, ಸಣ್ಣ ಸಣ್ಣ ಕಣಗಳಾಗಿ ತೇಲುತ್ತಿರುತ್ತದೆ. ಅವು ರೆಪ್ಪೆಯ ಒಳಗೆ ಸ್ವಲ್ಪ ಹೊತ್ತು ಕೂತು ನಿಧಾನವಾಗಿ ಕೆಲಸ ಮಾಡುತ್ತವೆ. ಅದರ ಮೇಲೆ ನೀರಿನಂಥ ಆಂಟಿಬಯಾಟಿಕ್ ಸುರಿದರೆ ಕೂತ ಕಣಗಳೂ ತೊಳೆದುಹೋಗುತ್ತವೆ. ಹಾಗಾಗಿ ಈ ಕ್ರಮ. ನಿಮ್ಮ ವೈದ್ಯರು ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ.

1. ಕಣ್ಣಿನವರು ಮಲಗಲಿ, ಅಥವಾ ಗೋಡೆಗೆ ಒರಗಿ ಕೂತು ಮುಖವನ್ನು ಸೂರಿನ ಕಡೆ ಎತ್ತಲಿ. ನಿಂತುಕೊಂಡು ಬೇಡ.

2. ಚೀಟಿ ತೆಗೆದು ಬಾಟಲಿಯ ಹೆಸರಿನ ಜೊತೆ ಒಂದು ಸಲ ತಾಳೆ ನೋಡಿ. ಯಾವ ಕಣ್ಣು, ಎಡವೋ ಬಲವೋ, ಬಾಯಿಬಿಟ್ಟು ಹೇಳಿ. ಎರಡು ತಿಂಗಳ ಹಿಂದೆ ಒಂದು ಕಣ್ಣು, ಈಗ ಇನ್ನೊಂದು ಎಂದಾಗ ಕೈ ಹಳೆಯ ಅಭ್ಯಾಸಕ್ಕೆ ಹೋಗುತ್ತದೆ.

3. ತೋರುಬೆರಳನ್ನು ಕೆಳರೆಪ್ಪೆಗಿಂತ ಸ್ವಲ್ಪ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಇಟ್ಟು ಚರ್ಮವನ್ನು ಕೆಳಕ್ಕೆ ಎಳೆಯಿರಿ. ಒತ್ತಡವೆಲ್ಲ ಮೂಳೆಯ ಮೇಲಿರಲಿ. ಕಣ್ಣುಗುಡ್ಡೆಯ ಮೇಲೆ ಬೆರಳು ಬರಬಾರದು, ಆಪರೇಷನ್ನಿನ ಗಾಯ ಇನ್ನೂ ಹಸಿ. ರೆಪ್ಪೆ ಇಳಿದಾಗ ಒಳಗೆ ಕೆಂಪನೆಯ ಪುಟ್ಟ ಜೇಬು ತೆರೆದುಕೊಳ್ಳುತ್ತದೆ. ಹನಿ ಬೀಳಬೇಕಾದದ್ದು ಆ ಜೇಬಿಗೆ. ಕರಿಗುಡ್ಡೆಯ ಮೇಲೆ ನೇರ ಬಿದ್ದರೆ ಜುಮ್ಮೆನ್ನುತ್ತದೆ, ರೆಪ್ಪೆ ತಾನಾಗಿ ಬಡಿದುಕೊಳ್ಳುತ್ತದೆ, ಔಷಧಿ ಹೊರಗೆ ಬರುತ್ತದೆ.

4. ಇನ್ನೊಂದು ಕೈಯಲ್ಲಿ ಬಾಟಲಿ. ಆ ಕೈಯ ಅಂಗೈ ಬದಿಯನ್ನು ಅವರ ಹಣೆಯ ಮೇಲೆ ಊರಿಬಿಡಿ. ಕೈ ನಡುಗಿದರೂ ತಲೆಯ ಜೊತೆಗೇ ನಡುಗುತ್ತದೆ, ಗುರಿ ತಪ್ಪುವುದಿಲ್ಲ.

5. "ಮೇಲೆ ನೋಡಿ ಅತ್ತೆ" ಎಂದು ಸೂರಿನಲ್ಲಿ ಒಂದು ಗುರುತು ತೋರಿಸಿ, ಜಂತಿಯೋ ಬಲ್ಬೋ. ಬಾಟಲಿಯ ಮೂತಿ ಜೇಬಿನಿಂದ ಒಂದು ಬೆರಳಗಲ ಮೇಲಿರಲಿ. ರೆಪ್ಪೆ, ಕೂದಲು, ಕಣ್ಣು ಯಾವುದಕ್ಕೂ ತಾಗಬಾರದು. ತಾಗಿದರೆ ಅಲ್ಲಿರುವ ಕ್ರಿಮಿ ಬಾಟಲಿಯೊಳಗೆ ಸೇರಿ, ಮುಂದಿನ ಹೊತ್ತು ನೀವೇ ಅದನ್ನು ಕಣ್ಣಿಗೆ ಹಾಕಿದಂತಾಗುತ್ತದೆ.

6. ಒಂದು ಹನಿ. ಒಂದೇ.

7. ರೆಪ್ಪೆ ಬಿಟ್ಟು "ಕಣ್ಣು ಮೆಲ್ಲಗೆ ಮುಚ್ಚಿ, ಹಿಂಡಬೇಡಿ" ಅನ್ನಿ. ನಿದ್ದೆಗೆ ಮುಚ್ಚಿದ ಹಾಗಿರಬೇಕು, ಹುಳಿ ತಿಂದಾಗ ಮುಚ್ಚುವ ಹಾಗಲ್ಲ.

8. ಮೂಗಿನ ಪಕ್ಕದ ಕಣ್ಣಿನ ಮೂಲೆಯಲ್ಲಿ, ಮೂಗಿನ ಮೂಳೆಯ ಮೇಲೆ, ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಕಣ್ಣೀರು ಮೂಗಿಗೆ ಇಳಿಯುವ ನಾಳ ಅಲ್ಲಿಂದಲೇ ಹೋಗುತ್ತದೆ. ಅದನ್ನು ಒತ್ತಿದರೆ ಔಷಧಿ ಗಂಟಲಿಗೆ ಇಳಿಯದೆ ಕಣ್ಣಲ್ಲೇ ಉಳಿಯುತ್ತದೆ.

ಈ ಎಂಟನೆಯದನ್ನು ಮನೆಯಲ್ಲಿ ಯಾರೂ ಮಾಡುವುದಿಲ್ಲ. ಅಜ್ಜಿ ನನಗೆ ಹೇಳಿದ್ದೂ ಅದೇ: "ಡ್ರಾಪ್ಸ್ ಹಾಕಿದ್ರೆ ಗಂಟಲೆಲ್ಲ ಕಹಿ ಕಹಿ ಆಗ್ತದೆ ಮಾರಾಯ್ತಿ, ಊಟ ರುಚಿಸೂದಿಲ್ಲ." ಕಹಿ ಬಂತೆಂದರೆ ಕಣ್ಣಿನ ಔಷಧಿ ಮೂಗಿನ ದಾರಿ ಹಿಡಿದು ಗಂಟಲಿಗೆ ಹೋಯಿತು ಅಂತಲೇ ಲೆಕ್ಕ. ಮೂಲೆ ಒತ್ತಲು ಹೇಳಿಕೊಟ್ಟ ಮೇಲೆ ಕಹಿ ಬಹಳ ಕಡಿಮೆಯಾಯಿತು ಎಂದರು.

## ಹಂತ 6: ನಡುವಿನ ಐದು ನಿಮಿಷ

ಗಡಿಯಾರ ನೋಡಿ. ಅಂದಾಜಿನ ಐದು ನಿಮಿಷ ಯಾವಾಗಲೂ ಒಂದೂವರೆ ನಿಮಿಷ ಇರುತ್ತದೆ, ನಾನೇ ಅಳೆದು ನೋಡಿದ್ದೇನೆ. ಹನಿ ಬಿದ್ದ ಕ್ಷಣದಿಂದ ಎಣಿಸಿ. ಮೂಲೆ ಒತ್ತಿದ ಎರಡು ನಿಮಿಷ ಇದರಲ್ಲೇ ಬಂತು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಇರಲಿ. ಕೆನ್ನೆಗೆ ಇಳಿದದ್ದನ್ನು ಟಿಶ್ಯೂವಿನಿಂದ ಒತ್ತಿ ತೆಗೆಯಿರಿ, ಕಣ್ಣಿನ ಮೇಲೆ ಉಜ್ಜಬೇಡಿ.

ಮೊದಲ ಬಾಟಲಿಯ ಮುಚ್ಚಳ ಹಾಕಿ ಡಬ್ಬಿಗೆ ಇಟ್ಟುಬಿಡಿ, ಆಮೇಲೆ ಎರಡನೆಯದನ್ನು ಹೊರಗೆ ತೆಗೆಯಿರಿ. ಕೈಯಲ್ಲಿ ಯಾವಾಗಲೂ ಒಂದೇ ಬಾಟಲಿ ಇದ್ದರೆ ಅದೇ ಔಷಧಿಯನ್ನು ಎರಡು ಸಲ ಹಾಕುವ ಪ್ರಮಾದ ಆಗುವುದಿಲ್ಲ.

ಈಗ ಕುಲುಕುವ ಹೊತ್ತು. ರಬ್ಬರ್ ಬ್ಯಾಂಡಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ ತಳದಲ್ಲಿ ಸುಣ್ಣ ಕೂತ ಹಾಗೆ ಬಿಳಿ ಗಸಿ ಕಾಣಬಹುದು, ಮೇಲೆ ತಿಳಿ ನೀರು. ಔಷಧಿ ಇರುವುದು ಆ ಗಸಿಯಲ್ಲಿ. ಕುಲುಕದೆ ಹಾಕಿದರೆ ಮೊದಲ ವಾರವೆಲ್ಲ ತಿಳಿ ನೀರು ಬೀಳುತ್ತದೆ, ಕೊನೆಗೆ ಉಳಿದದ್ದು ಗಟ್ಟಿ ಗಸಿ. ಆ ಅಜ್ಜಿಯ ಬಾಟಲಿಯನ್ನು ನಾನು ಕಿಟಕಿಗೆ ಹಿಡಿದಾಗ ತಳದಲ್ಲಿ ಒಂದು ಬಿಳಿ ಪದರ ಹಾಗೇ ಕೂತಿತ್ತು. ಕಣ್ಣು ಕೆಂಪಗೆ ಉಳಿದದ್ದಕ್ಕೆ ನನಗೆ ಅನಿಸಿದ ದೊಡ್ಡ ಕಾರಣ ಅದು. ಮುಚ್ಚಳ ಬಿಗಿ ಇರುವಾಗ ಹತ್ತು ಹದಿನೈದು ಸಲ ಚೆನ್ನಾಗಿ ಕುಲುಕಿ, ತಳದಲ್ಲಿ ಏನೂ ಅಂಟಿಲ್ಲ ಎಂದು ನೋಡಿಕೊಳ್ಳಿ. 9 ಗಂಟೆಗೂ 3 ಗಂಟೆಗೂ ಇದೊಂದೇ ಹಾಕುವಾಗಲೂ ಕುಲುಕಲೇಬೇಕು.

## ಹಂತ 7: ಎರಡನೇ ಹನಿ

ಹಂತ 5ರಂತೆಯೇ: ಅದೇ ಜೇಬು, ಒಂದೇ ಹನಿ, ಮೆಲ್ಲಗೆ ಮುಚ್ಚುವುದು, ಮೂಲೆ ಒತ್ತುವುದು. ಹಾಲಿನಂಥ ಹನಿ ಬಿದ್ದ ಮೇಲೆ ಸ್ವಲ್ಪ ಹೊತ್ತು ನೋಟ ಮಬ್ಬಾಗುತ್ತದೆ, ರೆಪ್ಪೆಯ ಅಂಚಿನಲ್ಲಿ ಬಿಳಿ ಕಾಣಬಹುದು. ಗಾಬರಿ ಬೇಡ. ಮಬ್ಬು ಹೋಗುವ ತನಕ ಎದ್ದು ಅಂಗಳಕ್ಕೆ ಇಳಿಯದಿದ್ದರೆ ಸಾಕು, ಮಳೆಗಾಲದ ಹಾವಸೆಯಲ್ಲಿ ಜಾರಿದರೆ ಅದಿನ್ನೊಂದು ಕತೆ.

ಕೊನೆಗೆ ಮತ್ತೊಮ್ಮೆ ಕೈ ತೊಳೆದು ಕ್ಯಾಲೆಂಡರಿನಲ್ಲಿ ಟಿಕ್ ಹಾಕಿ.

ರಾತ್ರಿಗೆ ಮುಲಾಮು ಕೂಡ ಬರೆದಿದ್ದರೆ ಅದು ಎಲ್ಲಕ್ಕಿಂತ ಕೊನೆಗೆ, ಎರಡನೇ ಹನಿ ಆಗಿ ಹತ್ತು ನಿಮಿಷ ಬಿಟ್ಟು. ಕೆಳರೆಪ್ಪೆಯ ಜೇಬಿನೊಳಗೆ ಅಕ್ಕಿ ಕಾಳಿನಷ್ಟು ಸಾಕು. ಮುಲಾಮು ಎಣ್ಣೆಯ ಪದರದ ಹಾಗೆ ಕೂರುತ್ತದೆ, ಮೊದಲೇ ಹಚ್ಚಿದರೆ ಮೇಲಿಂದ ಹಾಕಿದ ಹನಿ ಒಳಗೆ ಇಳಿಯದೆ ಜಾರಿಹೋಗುತ್ತದೆ.

## ಮನೆಯಲ್ಲಿ ಒಬ್ಬರೇ ಇದ್ದರೆ

ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ಒಬ್ಬರೇ ಎನ್ನುವ ಹಿರಿಯರು ನಮ್ಮ ಕಡೆ ಈಗ ಬಹಳ. ಅವರಿಗೆ ನಾನು ಕಲಿಸುವುದು ಇದನ್ನು: ಮಂಚದಲ್ಲಿ ಅಂಗಾತ ಮಲಗಿ. ಒಂದು ಕೈಯ ಬೆರಳಿನಿಂದ ಕೆಳರೆಪ್ಪೆ ಎಳೆದು, ಆ ಕೈಯ ಗೆಣ್ಣಿನ ಮೇಲೆ ಬಾಟಲಿ ಹಿಡಿದ ಕೈಯನ್ನು ಊರಿ, ಮೇಲೆ ನೋಡುತ್ತಾ ಹಿಂಡಿ.

ಅದೂ ಆಗದೆ ಪ್ರತಿ ಸಲ ರೆಪ್ಪೆ ಬಡಿದರೆ ಕಣ್ಣು ಮುಚ್ಚಿಕೊಂಡೇ ಹಾಕಿಕೊಳ್ಳಬಹುದು. ಮಲಗಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯ ಗುಳಿಗೆ ಒಂದು ಹನಿ ಬಿಡಿ. ಆಮೇಲೆ ತಲೆ ಅಲ್ಲಾಡಿಸದೆ ಕಣ್ಣು ತೆರೆದರೆ ಹನಿ ಒಳಗೆ ಜಾರುತ್ತದೆ. ಇದಕ್ಕೆ ಮೂಲೆಯ ಚರ್ಮ ಮೊದಲೇ ಶುದ್ಧವಾಗಿರಬೇಕು. ಜೇಬಿಗೆ ಹಾಕಿದಷ್ಟು ಒಳ್ಳೆಯದಲ್ಲ, ಆದರೆ ಕೆನ್ನೆಗೆ ಹೋಗುವುದಕ್ಕಿಂತ ಎಷ್ಟೋ ಮೇಲು.

ಹನಿ ಬಿತ್ತೋ ಇಲ್ಲವೋ ತಿಳಿಯದಿದ್ದರೆ? ಬಿದ್ದಿಲ್ಲ ಎಂದು ಖಚಿತವಾದರೆ ಮಾತ್ರ ಇನ್ನೊಂದು ಹಾಕಿ. ತಣ್ಣಗಿರುವ ಹನಿ ಕಣ್ಣಿಗೆ ಬೀಳುವುದು ಚೆನ್ನಾಗಿ ಗೊತ್ತಾಗುತ್ತದೆ. ನಿಮ್ಮ ಔಷಧಿಯನ್ನು ಫ್ರಿಜ್ಜಿನಲ್ಲಿ ಇಡಬಹುದೇ ಎಂದು ಅಂಗಡಿಯಲ್ಲಿ ಕೇಳಿ, ಸರಿ ಎಂದರೆ ಬಾಗಿಲಿನ ಗೂಡಿನಲ್ಲಿಡಿ. ಫ್ರೀಜರಿಗೆ ಮಾತ್ರ ಯಾವುದೂ ಹೋಗಬಾರದು.

## ಸರಿಯಾಗಿ ಬೀಳುತ್ತಿದೆಯೇ? ಬಾಟಲಿಯನ್ನು ಕೇಳಿ

5 ಮಿ.ಲೀ. ಬಾಟಲಿಯಲ್ಲಿ ಸುಮಾರು 100ರಿಂದ 150 ಹನಿ ಇರುತ್ತದೆ. ದಿನಕ್ಕೆ ಆರರಂತೆ ಹಾಕಿದರೂ ಎರಡು ವಾರಕ್ಕಿಂತ ಹೆಚ್ಚು ಬರಬೇಕು. ನಾಲ್ಕರಂತೆ ಹಾಕುವುದು ಮೂರು ವಾರ ದಾಟಬೇಕು. ಎಂಟನೇ ದಿನಕ್ಕೆ ಬಾಟಲಿ ಖಾಲಿ ಎಂದು ಬಂದರೆ, ಪ್ರತಿ ಹೊತ್ತಿಗೆ ಎರಡು ಮೂರು ಹನಿ ಹೋಗುತ್ತಿದೆ ಎಂದು ನನಗೆ ಕೇಳದೆಯೇ ಗೊತ್ತಾಗುತ್ತದೆ. ಹದಿನೈದು ದಿನ ಕಳೆದರೂ ಮುಕ್ಕಾಲು ಬಾಟಲಿ ಹಾಗೇ ಇದ್ದರೆ ಅದಕ್ಕೂ ಅರ್ಥವಿದೆ. ಅಜ್ಜಿಯ ಎರಡೂ ಬಾಟಲಿ ಎಂಟನೇ ದಿನಕ್ಕೆ ತಳ ಕಂಡಿದ್ದವು. ಎರಡನೇ ಸಲ ಕೊಂಡ ಸ್ಟೀರಾಯ್ಡ್, ದಿನಕ್ಕೆ ಐದು, ಆಮೇಲೆ ನಾಲ್ಕು ಎಂದು ಇಳಿಸುತ್ತಾ ಹೋದಾಗ, ಮೂರು ವಾರಕ್ಕಿಂತ ಹೆಚ್ಚು ಬಂತು.

## ಯಾವಾಗ ಕಾಯಬಾರದು

ಹಾಕಿದಾಗ ಅರ್ಧ ನಿಮಿಷ ಉರಿಯುವುದು ಮಾಮೂಲು. ಆದರೆ ಆಪರೇಷನ್ ಆದ ಕಣ್ಣಿನಲ್ಲಿ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ, ನಿನ್ನೆ ಕಂಡಷ್ಟು ಇವತ್ತು ಕಾಣದಿದ್ದರೆ, ಕೆಂಪು ಮತ್ತೆ ಏರುತ್ತಿದ್ದರೆ, ಕೀವು ಬಂದರೆ, ಬೆಳಕು ನೋಡಲಾಗದಿದ್ದರೆ, ಕಣ್ಣ ಮುಂದೆ ಹೊಸದಾಗಿ ಕಪ್ಪು ಚುಕ್ಕೆಗಳು ಹಾರಾಡಿದರೆ, ಅವತ್ತೇ ಆಪರೇಷನ್ ಮಾಡಿದಲ್ಲಿಗೆ ಹೋಗಿ. ಕಣ್ಣಿನೊಳಗೆ ಸೋಂಕು ಸೇರಿದ್ದರೆ ಗಂಟೆಗಳ ಲೆಕ್ಕ. ಆಗುಂಬೆ ಕಡೆಯಿಂದಲೋ ಹೊಸನಗರದಿಂದಲೋ ಬರುವವರು ನಾಳೆ ಬೆಳಗಿನ ಬಸ್ಸಿಗೆ ಕಾಯಬೇಡಿ, ಮೊದಲು ಫೋನ್ ಮಾಡಿ ವಾಹನ ಹಿಡಿಯಿರಿ.

ರೆಪ್ಪೆ ಊದಿ, ಸುತ್ತಲ ಚರ್ಮ ಕೆಂಪಾಗಿ ಬಹಳ ತುರಿಸಿದರೆ ಎರಡರಲ್ಲಿ ಒಂದು ಔಷಧಿ ಒಗ್ಗದಿರಬಹುದು. ಯಾವುದೆಂದು ನೀವೇ ತೀರ್ಮಾನಿಸಿ ನಿಲ್ಲಿಸದೆ, ಎರಡೂ ಬಾಟಲಿ ಹಿಡಿದುಕೊಂಡು ವೈದ್ಯರ ಹತ್ತಿರ ಹೋಗಿ. ಬೇರೆ ಬಾಟಲಿಯ ಔಷಧಿಯೋ ಸುಣ್ಣವೋ ಕಣ್ಣಿಗೆ ಬಿದ್ದರೆ ಮೊದಲು ಶುದ್ಧ ನೀರನ್ನು ಸುರಿಯುತ್ತಾ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆ.

## ಗ್ಲಾಕೋಮಾದವರಿಗೆ ಎರಡು ಮಾತು

ಕಣ್ಣಿನ ಒತ್ತಡಕ್ಕೆ ಎರಡು ಡ್ರಾಪ್ಸ್ ಹಾಕುವವರಿಗೂ ಐದು ನಿಮಿಷದ ನಿಯಮ ಇದೇ. ಆದರೆ ಅದರಲ್ಲಿ ಟಿಮೊಲಾಲ್ ಇದ್ದರೆ ಮೂಲೆ ಒತ್ತುವುದನ್ನು ಬಿಡಲೇಬೇಡಿ. ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರಿದರೆ ಅದು ನಾಡಿ ಬಡಿತವನ್ನು ನಿಧಾನ ಮಾಡಬಹುದು, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಉಬ್ಬಸ ಅಥವಾ ಹೃದಯದ ತೊಂದರೆ ಇದ್ದರೆ ಕಣ್ಣಿನ ವೈದ್ಯರಿಗೆ ಮೊದಲೇ ಹೇಳಿ. "ಕಣ್ಣಿಗಲ್ವಾ ಹಾಕೋದು" ಎಂದು ಅದನ್ನು ಹೇಳದೇ ಇರುವವರೇ ಹೆಚ್ಚು.

## ಉಳಿದ ಬಾಟಲಿ

ಕೋರ್ಸ್ ಮುಗಿದ ಮೇಲೆ ಎರಡನ್ನೂ ಎಸೆಯಿರಿ, ಮುಖ್ಯವಾಗಿ ರಬ್ಬರ್ ಬ್ಯಾಂಡಿನದ್ದನ್ನು. ಕೊಯ್ಲಿನ ಕಾಲದಲ್ಲಿ ಭತ್ತದ ಹೊಟ್ಟು, ಅಡಿಕೆ ಸೋಗೆಯ ತುದಿ ಕಣ್ಣಿಗೆ ತಾಗಿ ಕೆಂಪಾದಾಗ "ಅಮ್ಮನ ಆಪರೇಷನ್ನಿನ ಡ್ರಾಪ್ಸ್ ಇದೆಯಲ್ಲ" ಎಂದು ಹಾಕಿಕೊಳ್ಳುತ್ತಾರೆ. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ. ಆ ಗಾಯಕ್ಕೆ ಶಿಲೀಂಧ್ರ ಸೇರಿದ್ದರೆ ಸ್ಟೀರಾಯ್ಡ್ ಕೆಳಗೆ ಅದು ಸದ್ದಿಲ್ಲದೆ ಹರಡಿ, ಕರಿಗುಡ್ಡೆಯ ಮೇಲೆ ಬಿಳಿ ಹುಣ್ಣಾಗುತ್ತದೆ. ಆ ಸೊಸೆಗೆ ಕೊನೆಯ ಭೇಟಿಯಲ್ಲಿ ಇದನ್ನು ಹೇಳಿದಾಗ, ಚೀಲದಿಂದ ಬಾಟಲಿ ತೆಗೆದು ಅಲ್ಲೇ ನಮ್ಮ ಕಸದ ಡಬ್ಬಿಗೆ ಹಾಕಿ, ರಬ್ಬರ್ ಬ್ಯಾಂಡನ್ನು ಮಾತ್ರ ಬಿಚ್ಚಿ ಕೈಗೆ ಹಾಕಿಕೊಂಡರು. ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಮುಂದಿನ ತಿಂಗಳ ತಾರೀಖು ಗೊತ್ತಾಗಿತ್ತು.